ಬೀಜದ ಡಬ್ಬಿ: ಅಪ್ಪ–ಮಗ ಮಾತಾಡದ ಒಂದು ದೃಶ್ಯ ಕಟ್ಟಿದ ದಿನಚರಿ

ಯಳ್ಳ ಅಮಾಸಿ ಮುಗಿದು ತೊಗರಿ ರಾಶಿ ನಡೆಯುತ್ತಿದ್ದ ವಾರ ಇದನ್ನು ಬರೆಯಲು ಕೂತೆ. ನಾವು ಕಲಬುರಗಿಯ ನಾಲ್ಕು ಜನ ಗೆಳೆಯರು ಸೇರಿ ಮಾಡುತ್ತಿರುವ ಕಿರುಚಿತ್ರ 12 ನಿಮಿಷದ್ದು. ಅದರ ನಟ್ಟನಡುವೆ ಒಂದು ದೃಶ್ಯ ಬೇಕಿತ್ತು. ಜೇವರ್ಗಿ ಕಡೆಯ ಒಂದು ಊರು, ಒಂದು ಪಡಸಾಲೆ, ರಾತ್ರಿ. ಅಪ್ಪ ಮತ್ತು ಬೆಂಗಳೂರಿನಿಂದ ಬಂದ ಮಗ ತೊಗರಿ ಚೀಲ ತುಂಬುತ್ತಾರೆ. ಬೆಳಗಾದರೆ ಚೀಲಗಳು ಗಂಜ್ ಮಾರುಕಟ್ಟೆಗೆ ಹೋಗಬೇಕು. ಇಬ್ಬರೂ ಮನಸ್ಸಿನಲ್ಲಿ ಇರುವುದನ್ನು ಹೇಳಬಾರದು, ನೋಡುವವರಿಗೆ ಮಾತ್ರ ಎಲ್ಲ ತಿಳಿಯಬೇಕು. ಇಷ್ಟಕ್ಕೆ ಐದು ಕರಡು ಹಿಡಿದವು.

ಕತೆ ಸಣ್ಣದು. ಅಪ್ಪನಿಗೆ ಎರಡೂವರೆ ಎಕರೆ ಎರೆ ಹೊಲ. ಎರಡು ವರ್ಷದಿಂದ ಮಗ ಬಿತ್ತಿಗೂ ಬಂದಿಲ್ಲ, ರಾಶಿಗೂ ಬಂದಿಲ್ಲ. ಒಬ್ಬನ ಕೈಯಲ್ಲಿ ಆಗುವುದಿಲ್ಲವೆಂದು ಅಪ್ಪ ಮೂರು ವರ್ಷಕ್ಕೆ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟುಬಿಟ್ಟಿದ್ದಾನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಂದು ರಾತ್ರಿ ಅದು ಮಗನಿಗೆ ಗೊತ್ತಾಗುತ್ತದೆ.

ಮೊದಲ ಕರಡು: ಎಲ್ಲವನ್ನೂ ಬಾಯಿಬಿಟ್ಟು ಹೇಳಿಸಿದ್ದು

ಇದನ್ನು ಬೇಕೆಂದೇ ಹೀಗೆ ಬರೆದೆ. ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಲಿ ಎಂದು ಬಿಟ್ಟೆ. ಅಪ್ಪ ಅಂದ: "ನೀ ಬರಂಗಿಲ್ಲ ಅಂತ ನಂಗ ಗೊತ್ತಿತ್ತು, ಅದಕ ಕೊಟ್ಟುಬಿಟ್ಟೆ." ಮಗ ಅಂದ: "ನಂಗ ಬ್ಯಾಸರೂ ಆಗ್ಯದ, ಹಗುರೂ ಆಗ್ಯದ." ಮೂರು ಪುಟ ಆಯಿತು. ಈ ಕರಡು ಶೂಟಿಂಗಿಗಲ್ಲ, ನನಗೆ. ಏನನ್ನು ಮುಚ್ಚಿಡಬೇಕು ಎಂಬುದು ಕಾಗದದ ಮೇಲೆ ಬಾರದಿದ್ದರೆ ಮುಚ್ಚಿಡುವುದಾದರೂ ಏನನ್ನು? ಹಾಗೆ ಬರೆದಾಗಲೇ ಮಗನೊಳಗೆ ಎರಡು ಇವೆ ಎಂದು ಗೊತ್ತಾದದ್ದು. ಹೊಲ ಹೋದ ದುಃಖ ಒಂದು. ಇನ್ನು ಮೇಲೆ ರಾಶಿಗೆ ಬಾ ಎಂದು ಯಾರೂ ಕರೆಯುವುದಿಲ್ಲ ಎಂಬ ನಿರಾಳ ಇನ್ನೊಂದು. ಆ ನಿರಾಳಕ್ಕೆ ಅವನಿಗೇ ನಾಚಿಕೆ. ದೃಶ್ಯದ ಜೀವ ಇರುವುದು ಅಲ್ಲಿ, ಬರೀ ದುಃಖದಲ್ಲಿ ಅಲ್ಲ.

ಆ ಮೂರು ಪುಟದಿಂದ ಒಂದೊಂದು ಸಾಲು ತೆಗೆದು ಬೇರೆ ಹಾಳೆಯಲ್ಲಿ ಬರೆದುಕೊಂಡೆ. ಪಕ್ಕದಲ್ಲಿ ಎರಡು ಗುರುತು: ಇದು ಸಂಗತಿಯೋ, ಭಾವನೆಯೋ? "ಹೊಲ ಲಾವಣಿಗೆ ಹೋಯಿತು" ಎಂಬುದು ಸಂಗತಿ. "ನಂಗ ಹಗುರ ಆಗ್ಯದ" ಎಂಬುದು ಭಾವನೆ. ಈ ಹಾಳೆಯ ಬೆಲೆ ಆಗ ನನಗೆ ತಿಳಿಯಲಿಲ್ಲ. ತಿಳಿದಿದ್ದರೆ ನಡುವಿನ ಎರಡು ಕರಡಿನ ಶ್ರಮ ಉಳಿಯುತ್ತಿತ್ತು.

ಎರಡನೇ ಕರಡು: ಎಲ್ಲವನ್ನೂ ಮುಚ್ಚಿದ್ದು

ಮಾತೆಲ್ಲ ಕಿತ್ತು ಹಾಕಿದೆ. ಉಳಿದದ್ದು "ಊಟ ಆಯ್ತಾ", "ಬಸ್ಸು ಎಷ್ಟಕ್ಕದ", "ಈ ಸಲ ಥಂಡಿ ಭಾಳ ಅದ" ಎಂಬ ಮಾತುಗಳು, ನಡುನಡುವೆ ಮೌನ. ಕಾಗದದ ಮೇಲೆ ಚೆಂದ ಕಂಡಿತು. ಕ್ಯಾಮೆರಾ ಹಿಡಿಯುವ ಗೆಳೆಯನಿಗೆ ಕತೆಯ ಹಿನ್ನೆಲೆ ಹೇಳದೆ ಓದಿಸಿದೆ. ಓದಿ ಮುಗಿಸಿ "ರೊಕ್ಕದ ಜಗಳ ಆಗ್ಯದೇನು ಇವರಿಗೆ?" ಅಂದ. ಅವನ ತಪ್ಪಲ್ಲ. ಭಾವನೆಯ ಜೊತೆಗೆ ಸಂಗತಿಯನ್ನೂ ನಾನು ಹೂತಿಟ್ಟಿದ್ದೆ. ಏನಾಗಿದೆ ಎಂದೇ ಗೊತ್ತಿಲ್ಲದ ಪ್ರೇಕ್ಷಕ ಮೌನವನ್ನು ಓದುವುದಿಲ್ಲ, ಒಗಟು ಬಿಡಿಸಲು ಕೂರುತ್ತಾನೆ. ಒಗಟು ಬಿಡಿಸುವ ಮನಸ್ಸಿಗೆ ಮರುಗಲು ಪುರುಸೊತ್ತಿಲ್ಲ.

ಆ ಕರಡಿನ ಇನ್ನೊಂದು ರೋಗ "ಊಟ ಆಯ್ತಾ". ನಮ್ಮ ಕಡೆ ಅಪ್ಪಂದಿರ ಪ್ರೀತಿ ಇರುವುದೇ "ಉಂಡಿ?", "ಮುಟ್ದಿ?" ಎಂಬ ಎರಡು ಮಾತಿನಲ್ಲಿ, ನಿಜ. ನಾನು ಎಲ್ಲಿಗೆ ಹೋದರೂ ನಮ್ಮಪ್ಪ ಫೋನಿನಲ್ಲಿ "ಮುಟ್ದಿ?" ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಆದರೆ ತೆರೆಯ ಮೇಲೆ ಈ ಮಾತು ಎಷ್ಟು ಸಲ ಬಂದಿದೆಯೆಂದರೆ ಈಗ ಅದು ಗುಟ್ಟಾಗಿ ಉಳಿದಿಲ್ಲ. "ಉಂಡಿ?" ಅಂದ ಕೂಡಲೇ ನೋಡುವವರು "ಓ, ಪ್ರೀತಿ" ಎಂದು ಮನಸ್ಸಿನಲ್ಲೇ ಅನುವಾದ ಮಾಡಿಕೊಳ್ಳುತ್ತಾರೆ. ಅದಕ್ಕೂ ಬಾಯಿಬಿಟ್ಟು ಹೇಳುವುದಕ್ಕೂ ಹೆಚ್ಚು ಫರಕಿಲ್ಲ. ಎರಡೂ ಸಾಲು ತೆಗೆದೆ. ನಮ್ಮಪ್ಪನ ಮಾತು ತೆಗೆಯುವಾಗ ಕೈ ಸ್ವಲ್ಪ ತಡೆಯಿತು.

ಮೂರನೇ ಕರಡು: ಕೈಗೆ ಕೆಲಸ ಕೊಟ್ಟದ್ದು

ಇಬ್ಬರು ಸುಮ್ಮನೆ ಎದುರು ಬದುರು ಕೂತರೆ ಮೌನ ನಾಟಕವಾಗುತ್ತದೆ. ಕೈಯಲ್ಲಿ ಕೆಲಸ ಬೇಕು, ಅದೂ ಒಬ್ಬನಿಂದ ಆಗದ ಕೆಲಸ. ಚೀಲ ತುಂಬುವುದು ಅಂಥದ್ದು. ಒಬ್ಬ ಬಾಯಿ ಅಗಲಿಸಿ ಹಿಡಿಯಬೇಕು, ಇನ್ನೊಬ್ಬ ಬುಟ್ಟಿಯಿಂದ ಸುರಿಯಬೇಕು. ಕಾಟಾದ ಮೇಲೆ 50 ಕೆಜಿ ಆದ ಮೇಲೆ ಬಾಯಿ ಮಡಚಿ, ಎರಡೂ ಮೂಲೆಯಲ್ಲಿ ಹಿಡಿದು ಎತ್ತಲು ಕಿವಿಯ ಹಾಗೆ ಬಿಟ್ಟು, ದಬ್ಬಣ ಸುತಳಿಯಿಂದ ಹೊಲಿಯಬೇಕು. ಹೊಲಿಯುವಾಗಲೂ ಇನ್ನೊಬ್ಬ ಮಡಿಕೆಯನ್ನು ಬಿಗಿಯಾಗಿ ಹಿಡಿದಿರಬೇಕು. ಇಬ್ಬರ ತಲೆ ಒಂದು ಗೇಣು ದೂರದಲ್ಲಿರುತ್ತದೆ, ಕಣ್ಣು ಮಾತ್ರ ಚೀಲದ ಮೇಲೆ. ಮುಖ ತಪ್ಪಿಸಲು ಬೇರೆ ನೆಪ ಬೇಕಿಲ್ಲ.

ಇನ್ನು ಸಂಗತಿ ಹೇಗೆ ಹೊರಗೆ ಬರಬೇಕು? ಇಲ್ಲಿ ಬೀಜ ಕೈಹಿಡಿಯಿತು. ರಾಶಿಯಾದ ಕೂಡಲೇ ಮುಂದಿನ ಬಿತ್ತಿಗೆ ಒಳ್ಳೆಯ ಕಾಳನ್ನು ಬೇರೆ ತೆಗೆದಿಡುವುದು ಈ ಮನೆಯ ರೂಢಿ. ಎಕರೆಗೆ ಸುಮಾರು 5 ಕೆಜಿ ಎಂದರೆ ಎರಡೂವರೆ ಎಕರೆಗೆ ಹನ್ನೆರಡು, ಹನ್ನೆರಡೂವರೆ ಕೆಜಿ. 15 ಲೀಟರಿನ ಎಣ್ಣೆ ಡಬ್ಬಿಯೊಂದು ಅದಕ್ಕೆ ಸರಿಹೋಗುತ್ತದೆ. ನುಶಿ ಹಿಡಿಯದಂತೆ ತಳಕ್ಕೆ ಒಣಗಿದ ಬೇವಿನೆಲೆ ಹಾಕುತ್ತಾರೆ. ಚಿಕ್ಕಂದಿನಿಂದ ಎಲೆ ಹಾಕುವ ಕೆಲಸ ಮಗನದು. ಈ ರಾತ್ರಿಯೂ ಯಾರೂ ಹೇಳದೆ ಅವನು ಡಬ್ಬಿ ಒರೆಸಿ ಎಲೆ ಹಾಕಿ ಇಡುತ್ತಾನೆ. ಅಪ್ಪ ಬೇರೆ ಗುಡ್ಡೆ ಮಾಡಿಟ್ಟ ಬೀಜದ ಕಾಳನ್ನೇ ಬುಟ್ಟಿಗೆ ಎತ್ತಿ ಮಾರುವ ಚೀಲಕ್ಕೆ ಸುರಿಯುತ್ತಾನೆ. ಬೀಜ ಇಡದವನು ಬಿತ್ತುವುದಿಲ್ಲ.

ಈ ಕರಡನ್ನು ಕಂಪ್ಯೂಟರಿನಲ್ಲಿ ಫೌಂಟನ್ ಎಂಬ ಸಾದಾ ಬರಹದ ಕ್ರಮದಲ್ಲಿ ಹೊಡೆದೆ. ಕನ್ನಡದಲ್ಲಿ ಬರೆಯುವವರಿಗೆ ಅಲ್ಲಿ ಒಂದು ತೊಡಕಿದೆ. ಆ ಕ್ರಮವು ಪಾತ್ರದ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರ ನೋಡಿ ಗುರುತಿಸುತ್ತದೆ. ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬುದಿಲ್ಲ, ಹಾಗಾಗಿ ಮಾತೆಲ್ಲ ವಿವರಣೆಯೊಳಗೆ ಕಲಸಿಹೋಗಿತ್ತು. ಹೆಸರಿನ ಮುಂದೆ `@`, ದೃಶ್ಯದ ತಲೆಬರಹದ ಮುಂದೆ ಒಂದು ಚುಕ್ಕಿ ಇಟ್ಟರೆ ಸರಿಯಾಗುತ್ತದೆ:

```
.ಒಳಗೆ - ಪಡಸಾಲೆ - ರಾತ್ರಿ

ಅಪ್ಪ ಬೀಜದ ಗುಡ್ಡೆಯನ್ನು ಬುಟ್ಟಿಗೆ ಎತ್ತುತ್ತಾನೆ.

@ಮಗ
ಬೀಜಕ್ಕ?

@ಅಪ್ಪ
ಬಾಯಿ ಬಿಗಿ ಹಿಡಿ.
```

"ಬಾಯಿ ಬಿಗಿ ಹಿಡಿ" ಎಂಬ ಸಾಲು ಬಂದಾಗ ತುಂಬ ಖುಷಿಯಾಯಿತು. ಅಪ್ಪ ಹೇಳುತ್ತಿರುವುದು ಚೀಲದ ಬಾಯಿಯ ಮಾತು. ಕೇಳುವವರಿಗೆ ಎರಡೂ ಕೇಳಿಸುತ್ತದೆ. ಖುಷಿಯ ಭರದಲ್ಲಿ ಮುಂದೆಯೂ ಒಂದು ಕಡೆ "ಬಾಯಿ ಹೊಲಿದ್ರ ಆಯ್ತು" ಎಂದು ಬರೆದುಬಿಟ್ಟೆ. ಅದು ತಪ್ಪು. ಎರಡನೇ ಸಲ ಬಂದ ಕೂಡಲೇ ಅದು ಅಪ್ಪನ ಮಾತಾಗಿ ಉಳಿಯದೆ ಬರೆದವನ ಜಾಣತನವಾಗುತ್ತದೆ. ಇಂಥ ಮಾತು ಒಂದು ದೃಶ್ಯಕ್ಕೆ ಒಂದೇ ಇರಬೇಕು, ಅದೂ ಕೆಲಸದ ನಡುವೆ ನಿಜಕ್ಕೂ ಹೇಳಬೇಕಾದ ಮಾತಾಗಿರಬೇಕು. ಎರಡನೆಯದನ್ನು ಅಳಿಸಿದೆ.

ಓದಿಸಿ ನೋಡಿದ್ದು

ಮೂರು ಜನರಿಗೆ ಬೇರೆ ಬೇರೆಯಾಗಿ ಓದಿಸಿದೆ. ಚೆಂದ ಇದೆಯಾ ಎಂದು ಕೇಳಲಿಲ್ಲ. ಕೇಳಿದ್ದು ಎರಡೇ: ಏನಾಗಿದೆ? ಮಗನಿಗೆ ಈಗ ಏನನಿಸುತ್ತಿದೆ? ಮೊದಲ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಡಬೇಕು. ಎರಡನೆಯದಕ್ಕೆ ಒಬ್ಬೊಬ್ಬರು ಒಂದೊಂದು ಹೇಳಿದರೂ ಚಿಂತೆಯಿಲ್ಲ, ಹಾಗೆ ಹೇಳಿದರೇ ಒಳ್ಳೆಯದು. ನನಗೆ ಬಂದದ್ದು ತಲೆಕೆಳಗು. ಮಗನಿಗೆ ಬೇಜಾರಾಗಿದೆ ಎಂದು ಮೂವರೂ ಹೇಳಿದರು. ಏನಾಗಿದೆ ಎಂಬುದು ಒಬ್ಬರಿಗೂ ಸರಿಯಾಗಿ ತಿಳಿದಿರಲಿಲ್ಲ. ಊರಲ್ಲಿ ಹೊಲ ಇರುವ ಅಕ್ಕ ಒಬ್ಬರು ಕೊಟ್ಟ ಉತ್ತರ ಎಲ್ಲಕ್ಕಿಂತ ಉಪಯೋಗವಾಯಿತು: "ಬೀಜ ಇಡ್ಲಿಲ್ಲಂದ್ರ ಏನಾತು? ಈಗ ರೈತ ಸಂಪರ್ಕ ಕೇಂದ್ರದಾಗ ತರ್ತಾರಲ್ಲ." ಖರೆ ಮಾತು. ಈಗ ಎಷ್ಟೋ ಮನೆಯಲ್ಲಿ ಪ್ರತಿ ವರ್ಷ ಬೀಜ ಕೊಂಡೇ ತರುತ್ತಾರೆ. ನಾನು ಇಡೀ ದೃಶ್ಯದ ಭಾರ ಹೊರಿಸಿದ್ದ ಕಾಳು ಆ ಒಂದು ಮಾತಿಗೆ ಚೆಲ್ಲಿಹೋಯಿತು.

ಆಗ ಮೊದಲ ಕರಡಿನ ಹಾಳೆ ತೆಗೆದು ಮತ್ತೆ ನೋಡಿದೆ. ಸಂಗತಿ ಎಂದು ಗುರುತು ಹಾಕಿದ ಸಾಲುಗಳನ್ನು ಮುಚ್ಚಿಡುವ ಅಗತ್ಯ ಎಲ್ಲೂ ಇರಲಿಲ್ಲ. ಅವನ್ನು ದೃಶ್ಯಕ್ಕಿಂತ ಮೊದಲೇ ಬೆಳಕಿನಲ್ಲಿ ಇಟ್ಟುಬಿಡಬಹುದು. ಮಗನಿಗೆ ಗೊತ್ತಿಲ್ಲದ್ದು ಪ್ರೇಕ್ಷಕರಿಗೆ ಗೊತ್ತಿದ್ದರೆ ಪಡಸಾಲೆಯ ಪ್ರತಿಯೊಂದು ಸಣ್ಣ ಚಲನೆಗೂ ಅರ್ಥ ತಾನಾಗಿಯೇ ಬರುತ್ತದೆ.

ನಾಲ್ಕನೇ ಕರಡು: ಅವ್ವನ ದನಿ

ದೃಶ್ಯಕ್ಕೆ ಮೊದಲು 20 ಸೆಕೆಂಡಿನ ಒಂದು ಶಾಟ್ ಸೇರಿಸಿದೆ. ಹೊಲದ ಬದು, ಸಂಜೆ. ಒಬ್ಬ ನೋಟು ಎಣಿಸಿ ಅಪ್ಪನ ಕೈಗೆ ಕೊಡುತ್ತಾನೆ. ಅಪ್ಪ ಎಣಿಸದೆ ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಹೇಳುತ್ತಾನೆ: "ಮೂರು ವರ್ಷ ಹೊಲ ನಿಂದು. ಬದುವಿನ ಬೇವಿನ ಗಿಡಕ್ಕ ಕೈ ಹಚ್ಚಬ್ಯಾಡ." ಲಾವಣಿಯ ಸಂಗತಿ ಅಷ್ಟರಲ್ಲಿ ಮುಗಿಯಿತು. ರಾತ್ರಿ ಮಗ ಡಬ್ಬಿಗೆ ಹಾಕುವ ಎಲೆ ಆ ಗಿಡದ್ದು. ಅದನ್ನು ಯಾರೂ ಹೇಳುವುದಿಲ್ಲ, ಎಲೆ ಕಂಡರೆ ಸಾಕು.

ಇದಕ್ಕಿಂತ ದೊಡ್ಡ ಬದಲಾವಣೆ ಪಡಸಾಲೆಯಲ್ಲಿ ಆಯಿತು. ಮಗ "ಬೀಜಕ್ಕ?" ಎಂದು ಕೇಳುವುದು ನನಗೆ ಕಿರಿಕಿರಿ ಮಾಡುತ್ತಿತ್ತು. ಕೇಳಿದ ಕೂಡಲೇ ಅವನು ಲೆಕ್ಕ ಕೇಳುವವನಾಗುತ್ತಾನೆ. ಆ ಪ್ರಶ್ನೆಯನ್ನು ಕಿತ್ತು ಅಡುಗೆ ಮನೆಯಲ್ಲಿರುವ ಅವ್ವನಿಗೆ ಕೊಟ್ಟೆ. ಆಕೆಗೆ ಏನೂ ಗೊತ್ತಿಲ್ಲ. ಪ್ರತಿ ವರ್ಷ ಕೇಳುವ ಹಾಗೆ ರೊಟ್ಟಿ ಬಡಿಯುತ್ತ ಕೇಳುತ್ತಾಳೆ. ಈಗ ದೃಶ್ಯದ ನಡುಭಾಗ ಹೀಗಿದೆ:

ಅಪ್ಪ ಬೀಜದ ಗುಡ್ಡೆಯನ್ನು ಬುಟ್ಟಿಗೆ ಎತ್ತುತ್ತಾನೆ. ಮಗ ಡಬ್ಬಿಯನ್ನು ಮುಂದಕ್ಕೆ ಸರಿಸುತ್ತಾನೆ. ಬುಟ್ಟಿ ಡಬ್ಬಿಯನ್ನು ದಾಟಿ ಚೀಲದ ಕಡೆಗೆ ಹೋಗುತ್ತದೆ.

ಅಪ್ಪ: ಬಾಯಿ ಬಿಗಿ ಹಿಡಿ.

ಮಗ ಚೀಲದ ಬಾಯಿ ಹಿಡಿಯುತ್ತಾನೆ. ಕಾಳು ಸುರಿಯುವ ಸದ್ದು.

ಅವ್ವ (ಒಳಗಿನಿಂದ): ಬೀಜದ್ದು ಬ್ಯಾರಿ ತಗ್ದಿರೇನ್ರಿ?

ಕಾಳು ಇನ್ನೂ ಸುರಿಯುತ್ತಿದೆ.

ಅಪ್ಪ: ಹ್ಞೂಂ.

ಮಗ ಮೊದಲ ಸಲ ತಲೆ ಎತ್ತುತ್ತಾನೆ. ಅಪ್ಪ ಎತ್ತುವುದಿಲ್ಲ.

ಆ "ಹ್ಞೂಂ" ಅಕ್ಕನ ಪ್ರಶ್ನೆಗೂ ಉತ್ತರ ಕೊಟ್ಟಿತು. ಬೀಜ ಕೊಂಡು ತರುವ ವಿಚಾರವಿದ್ದರೆ ಅಪ್ಪ ಹೆಂಡತಿಗೆ ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳಿದ ಎಂಬಲ್ಲೇ ಮಗನಿಗೆ ಗೊತ್ತಾಗುತ್ತದೆ, ಇದು ಬೀಜದ ಮಾತಲ್ಲ, ಹೊಲದ ಮಾತು ಎಂದು. ಮಗ ಈಗ ಬಾಯಿ ತೆರೆದರೆ ಅವ್ವನಿಗೆ ಕೇಳಿಸುತ್ತದೆ, ಅಪ್ಪನ ಸುಳ್ಳು ಬಯಲಾಗುತ್ತದೆ. ಹಾಗಾಗಿ ಸುಮ್ಮನಿರುವುದೇ ಅವನು ಅಪ್ಪನಿಗೆ ಮಾಡಬಹುದಾದ ಉಪಕಾರ. ಮೊದಲಿನ ಕರಡುಗಳಲ್ಲಿ ಅವರು ಸುಮ್ಮನಿದ್ದದ್ದು ನಾನು ಸುಮ್ಮನಿರಿಸಿದ್ದಕ್ಕೆ. ಇಲ್ಲಿ ಅವರಿಗೇ ಕಾರಣ ಹುಟ್ಟಿತು. ಮೌನಕ್ಕೆ ಕತೆಯೊಳಗೇ ಒಂದು ಕಾರಣ ಸಿಗುವವರೆಗೆ ನಟರಿಗೂ ಅದನ್ನು ಆಡಲು ಬರುವುದಿಲ್ಲ. ತಾಲೀಮಿನಲ್ಲಿ ಅವರು ಮತ್ತೆ ಮತ್ತೆ "ಈಗ ನಾ ಯಾಕ ಸುಮ್ಕದೀನಿ?" ಎಂದು ಕೇಳುತ್ತಿದ್ದರೆ ರೋಗ ಬರವಣಿಗೆಯಲ್ಲಿದೆ ಎಂದೇ ಅರ್ಥ.

ಹೊಲಿಗೆಯ ವಿಷಯವನ್ನೂ ಇದೇ ಕರಡಿನಲ್ಲಿ ಸರಿಮಾಡಿದೆ. ಮೊದಲ ಚೀಲ ಮಗ ಹೊಲಿಯುತ್ತಾನೆ, ಹೊಲಿಗೆ ಸಡಿಲ. ಅಪ್ಪ ಏನೂ ಅನ್ನದೆ ಅದನ್ನು ಬಿಚ್ಚಿ ಮತ್ತೆ ಹೊಲಿಯುತ್ತಾನೆ. "ಹ್ಞೂಂ" ಆದ ಮೇಲಿನ ಚೀಲವನ್ನೂ ಮಗನೇ ಹೊಲಿಯುತ್ತಾನೆ, ಅದೇ ಸಡಿಲ ಹೊಲಿಗೆ. ಅಪ್ಪ ಹೆಬ್ಬೆರಳಿನಿಂದ ಹೊಲಿಗೆಯ ಮೇಲೆ ಒಮ್ಮೆ ಸವರುತ್ತಾನೆ. ಬಿಚ್ಚುವುದಿಲ್ಲ. ಒಂದೇ ಕೆಲಸ ಎರಡು ಸಲ ಬಂದು, ಎರಡನೇ ಸಲ ಬೇರೆಯಾದರೆ ಆ ನಡುವೆ ಮನುಷ್ಯನಲ್ಲಿ ಏನೋ ಬದಲಾಗಿದೆ ಎಂದು ನೋಡುವವರು ತಾವೇ ಲೆಕ್ಕ ಹಾಕುತ್ತಾರೆ. ಮೊದಲ ಸಲ ಬಿಚ್ಚಿದ್ದು ತೋರಿಸದಿದ್ದರೆ ಎರಡನೇ ಸಲ ಬಿಟ್ಟದ್ದಕ್ಕೆ ಬೆಲೆಯೇ ಇಲ್ಲ.

ತಾಲೀಮು, ಸಮಯ

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಅಂದಾಜು ಚಿತ್ರಕತೆ ಬರೆಯುವವರಲ್ಲಿ ಇದೆ. ಇಂಥ ದೃಶ್ಯಕ್ಕೆ ಅದನ್ನು ನಂಬಬಾರದು. ಕರಡು ಒಂದೂವರೆ ಪುಟ ಇತ್ತು, ಫೋನಿನ ಗಡಿಯಾರ ಹಚ್ಚಿ ಆಡಿಸಿದಾಗ ಐದು ನಿಮಿಷ ದಾಟಿತು. ಮಾತು ಅರ್ಧ ನಿಮಿಷವೂ ಇಲ್ಲ, ಉಳಿದದ್ದೆಲ್ಲ ಸುರಿಯುವುದು, ಹೊಲಿಯುವುದು. ಮೊದಲ ಚೀಲದ ಹೊಲಿಗೆಯನ್ನು ಪೂರ್ತಿ ಇಟ್ಟು, ಎರಡನೆಯದರಲ್ಲಿ ಕೊನೆಯ ಗಂಟು ಮಾತ್ರ ಇಟ್ಟ ಮೇಲೆ ಮೂರು ನಿಮಿಷ ನಲವತ್ತು ಸೆಕೆಂಡಿಗೆ ಇಳಿಯಿತು.

ಮಗನ ಪಾತ್ರ ಮಾಡುವ ಹುಡುಗ ಒಳ್ಳೆಯ ನಟ, ಆದರೆ ಪೇಟೆಯಲ್ಲಿ ಬೆಳೆದವನು. ಮೊದಲ ದಿನ ಅಪ್ಪನಿಗೆ "ನೀವು ಬಿಡ್ರಿ, ನಾ ಹೊಲಿತೀನಿ" ಅಂದ. ನಾನು ಕತೆ ಕಟ್ಟಿದ ಮನೆಯಲ್ಲಿ ಹಾಗೆ ಅನ್ನುವುದಿಲ್ಲ. ಹೆಂಡತಿ ಗಂಡನಿಗೆ ರೀ ಅನ್ನುತ್ತಾಳೆ, ಮಗ ಅಪ್ಪನಿಗೆ "ಯಪ್ಪಾ, ನೀ ಬಿಡು" ಅನ್ನುತ್ತಾನೆ. ಆ "ನೀ"ಯಲ್ಲಿ ಸಲಿಗೆ ಇದೆ, ಅಗೌರವ ಇಲ್ಲ. ಒಂದು ಗಳಿಗೆ ಆ ತಪ್ಪನ್ನೇ ಉಳಿಸಿಕೊಳ್ಳೋಣ ಅನಿಸಿತು, ಬೆಂಗಳೂರಿಗೆ ಹೋಗಿ ಮಗ ದೂರವಾಗಿದ್ದಾನೆ ಎಂದು "ನೀವು" ಹೇಳಲಿ ಎಂದು. ಬಿಟ್ಟೆ. ಆ ದೂರವನ್ನು ಸಡಿಲ ಹೊಲಿಗೆ ಆಗಲೇ ಹೇಳಿದೆ.

ಐದನೇ ಕರಡು: ಡಬ್ಬಿಯನ್ನು ಏನು ಮಾಡುವುದು

ದೃಶ್ಯದ ಕೊನೆ ಎಲ್ಲಕ್ಕಿಂತ ಹೆಚ್ಚು ಕಾಡಿತು. ಅವ್ವ ಒಳಗಿನಿಂದ "ಡಬ್ಬಿ ಮ್ಯಾಲ ಇಡ್ರಿ, ಇಲಿ ಹತ್ತಾವ" ಅನ್ನುತ್ತಾಳೆ. ಮಗ ಎದ್ದು ಖಾಲಿ ಡಬ್ಬಿಯ ಮುಚ್ಚಳ ಹಾಕಿ ಅಟ್ಟದ ಮೇಲೆ ಇಡಬೇಕು. ತುಂಬಿದ ಡಬ್ಬಿ ಎತ್ತಿದ ಹಾಗೆ ಎರಡೂ ಕೈಯಿಂದ, ಭಾರ ಇದ್ದ ಹಾಗೆ ಎತ್ತಲಿ ಎಂದು ಬರೆದಿದ್ದೆ. ಹುಡುಗನಿಂದ ಮೊದಲು 12 ಕೆಜಿ ತೊಗರಿ ತುಂಬಿದ ಡಬ್ಬಿ ಹತ್ತು ಸಲ ಎತ್ತಿಸಿದೆ, ಆಮೇಲೆ ಖಾಲಿಯದನ್ನು. ಎಷ್ಟು ಮಾಡಿದರೂ ಮೂಕನಾಟಕದ ಹಾಗೆ ಕಂಡಿತು. ಅವ್ವ ಅಡುಗೆ ಮನೆಯಲ್ಲಿದ್ದಾಳೆ, ಅವನ ಕೈ ಆಕೆಗೆ ಕಾಣುವುದೇ ಇಲ್ಲ. ಹಾಗಿದ್ದ ಮೇಲೆ ಭಾರ ನಟಿಸುವುದು ಯಾರಿಗೋಸ್ಕರ? ಕ್ಯಾಮೆರಾಕ್ಕೋಸ್ಕರ. ಅದು ಸುಳ್ಳು ಎಂದು ಕಣ್ಣಿಗೆ ಗೊತ್ತಾಗುತ್ತಿತ್ತು.

ಬೇಸತ್ತು ಡಬ್ಬಿಯನ್ನು ನೆಲಕ್ಕೆ ಇಟ್ಟಾಗ ಅದು ಟಣ್ ಅಂದಿತು. ಉತ್ತರ ಆ ಸದ್ದಿನಲ್ಲಿತ್ತು. ಅವ್ವನಿಗೆ ಕಾಣುವುದಿಲ್ಲ, ಆದರೆ ಕೇಳುತ್ತದೆ. ತುಂಬಿದ ಡಬ್ಬಿ ಧಪ್ ಅನ್ನುತ್ತದೆ, ಖಾಲಿ ಡಬ್ಬಿ ಟಣ್ ಅನ್ನುತ್ತದೆ. ಹಾಗಾಗಿ ಮಗನ ಕೆಲಸ ಭಾರ ನಟಿಸುವುದಲ್ಲ, ಸದ್ದು ಬಾರದ ಹಾಗೆ ಇಡುವುದು. ಹೆಗಲ ಮೇಲಿನ ಟವೆಲ್ ತೆಗೆದು ಅಟ್ಟದ ಹಲಗೆಯ ಮೇಲೆ ಹಾಸುತ್ತಾನೆ. ಡಬ್ಬಿಯ ತಂತಿ ಹಿಡಿಕೆ ಕಿಣಿ ಅನ್ನದಂತೆ ಒಂದು ಬೆರಳಿನಿಂದ ಒತ್ತಿ ಹಿಡಿದು, ಎರಡೂ ಕೈಯಿಂದ ಮೆಲ್ಲಗೆ ಇಳಿಸುತ್ತಾನೆ. ಎರಡು ಕೈ ಯಾಕೆ ಎಂದು ಈಗ ಯಾರೂ ಕೇಳುವುದಿಲ್ಲ. ಹುಡುಗನಿಗೆ ಇಷ್ಟು ಹೇಳಿದ ಮೇಲೆ ಎರಡನೇ ಟೇಕಿಗೇ ಬಂತು. ಮುಖದಲ್ಲಿ ಏನು ಮಾಡಲಿ ಎಂದೂ ಅವನು ಕೇಳಲಿಲ್ಲ. ಸದ್ದು ಆಗಬಾರದು ಎಂಬ ಚಿಂತೆಯೇ ಮುಖ ತುಂಬಿತ್ತು.

ಇದಕ್ಕಾಗಿ ಮೊದಲ ಭಾಗದಲ್ಲಿ ಒಂದು ಟಣ್ ಬೇಕಾಯಿತು. ಮಗ ಡಬ್ಬಿ ಒರೆಸಿ ಇಡುವಾಗ ಅದು ಜೋರಾಗಿ ಸದ್ದು ಮಾಡುತ್ತದೆ, ಆಗ ಯಾರಿಗೂ ಅದರ ಗಮನವಿಲ್ಲ. ಶೂಟಿಂಗಿನ ರಾತ್ರಿ ಆ ಸದ್ದನ್ನು ಮೈಕು ಹತ್ತಿರ ಹಿಡಿದು ಬೇರೆಯಾಗಿ ರೆಕಾರ್ಡ್ ಮಾಡಿಕೊಂಡೆವು. ದೃಶ್ಯಕ್ಕೆ ಸಂಗೀತ ಹಾಕುವುದಿಲ್ಲವೆಂದೂ ತೀರ್ಮಾನಿಸಿದೆವು, ಹಾಕಿದರೆ ಸದ್ದಾಗದೇ ಇದ್ದದ್ದು ಕೇಳಿಸುವುದಿಲ್ಲ.

ಅದೇ ಮೂರು ಜನರಿಗೆ ಒರಟು ಜೋಡಣೆ ತೋರಿಸಿ ಅವೇ ಎರಡು ಪ್ರಶ್ನೆ ಕೇಳಿದೆ. ಏನಾಗಿದೆ ಎಂಬುದಕ್ಕೆ ಮೂವರದೂ ಒಂದೇ ಉತ್ತರ ಬಂತು. ಮಗನಿಗೆ ಏನನಿಸುತ್ತಿದೆ ಎಂಬುದಕ್ಕೆ ಒಬ್ಬ "ಸಿಟ್ಟು" ಅಂದ, ಇನ್ನೊಬ್ಬ "ಅಪ್ಪನ ಮ್ಯಾಲ ಕನಿಕರ" ಅಂದ. ಹೊಲ ಇರುವ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂವಗ ಹಗುರ ಆದಂಗ ಅದ" ಅಂದರು.

ಇನ್ನು ಉಳಿದಿರುವುದು ಬದುವಿನ ಶಾಟ್. ನಾವು ನೋಡಿಟ್ಟ ಹೊಲದ ಬೇವಿನ ಗಿಡದ ಹಿಂದೆ ಈಗ ಹೊಸ ವಿದ್ಯುತ್ ಕಂಬ ಬಂದಿದೆ. ಬೇರೆ ಗಿಡ ಹುಡುಕಲು ಆಯಿತವಾರ ಜೇವರ್ಗಿ ರೋಡಿಗೆ ಹೋಗುತ್ತಿದ್ದೇವೆ.